ಕೊಡ್ತೀನಿ ಅಂದಿದ್ದ ದೇಣಿಗೆ ಅರ್ಧಕ್ಕೆ ನಿಂತಾಗ ದಾನಿಗೆ ಕಾಗದ ಬರೆಯೋದು ಹೇಗೆ

ವರ್ಷದ ಶುರುವಲ್ಲಿ ಒಬ್ರು ಬಂದು ನಿಮ್ಮ ಕೆಲಸ ನೋಡಿ ಖುಷಿಪಟ್ಟು, ತಿಂಗಳಿಗಿಷ್ಟು ಅಂತ ಹನ್ನೆರಡು ಕಂತು ಕೊಡ್ತೀನಿ ಅಂತ ಫಾರ್ಮ್ ತುಂಬಿಕೊಟ್ಟಿರ್ತಾರೆ, ಐದಾರು ತಿಂಗಳು ಸರಿಯಾಗಿ ಬರತ್ತೆ, ಆಮೇಲೆ ನಿಂತುಹೋಗತ್ತೆ. ಈಗ ಅವರಿಗೆ ಏನಂತ ಬರೆಯೋದು? ಚಿಕ್ಕ ಸಂಸ್ಥೆಗಳಲ್ಲಿ ಬಹಳ ಜನ ಇಲ್ಲೇ ಎಡವ್ತಾರೆ. ಕೆಲವರು ಸಂಕೋಚಕ್ಕೆ ಏನೂ ಬರೆಯದೆ ಬಿಟ್ಟುಬಿಡ್ತಾರೆ, ಇನ್ನು ಕೆಲವರು ಸಾಲ ವಸೂಲಿ ನೋಟಿಸ್ ಥರ ಬರೆದುಬಿಡ್ತಾರೆ. ನಾನು ದಾನಿಗಳ ಪತ್ರವ್ಯವಹಾರ ನೋಡ್ಕೊಳ್ಳೋ ಕೆಲಸದಲ್ಲಿ ಇದ್ದು ಕಲಿತದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತೀನಿ. ಒಬ್ಬ ವ್ಯಕ್ತಿ ಕಂತಿನಲ್ಲಿ ಕೊಡ್ತೀನಿ ಅಂದು ಮಧ್ಯದಲ್ಲಿ ನಿಂತಿರೋ ಸಂದರ್ಭ ಮಾತ್ರ ತಗೊಂಡಿದೀನಿ. ಒಂದು ಕಟ್ಟಡವೇ ಅವರ ಮಾತಿನ ಮೇಲೆ ಶುರುವಾಗಿದೆ ಅನ್ನೋ ಥರದ ದೊಡ್ಡ ಮೊತ್ತ ಆದ್ರೆ ಕಾಗದದಲ್ಲಿ ಮುಗಿಯೋ ವಿಷಯ ಅಲ್ಲ, ಸಂಸ್ಥೆಯ ಹಿರಿಯರೊಬ್ರು ಅವರನ್ನ ಭೇಟಿ ಆಗಿ ಮಾತಾಡ್ಬೇಕು.

ಮೊದಲು ನಿಮ್ಮ ಲೆಕ್ಕ ನೋಡಿ, ಆಮೇಲೆ ಪೆನ್ನು ತಗೊಳ್ಳಿ

ಈ ಹಂತಕ್ಕೇ ನಾನು ಹೆಚ್ಚು ಹೊತ್ತು ಕೊಡ್ತೀನಿ, ಕಾರಣ ಇದೆ. ಹಿಂದೆ ಒಂದ್ಸಲ ದುಡ್ಡು ಪೂರ್ತಿ ಕೊಟ್ಟು ಮುಗಿಸಿದ್ದ ಹಿರಿಯರೊಬ್ರಿಗೆ ನಾನೇ ನೆನಪಿನ ಕಾಗದ ಕಳಿಸಿಬಿಟ್ಟಿದ್ದೆ. ಅವರ ಕೊನೇ ಎರಡು ಕಂತು ಮಗಳ ಖಾತೆಯಿಂದ ಬಂದಿತ್ತು, ನಮ್ಮ ರಿಜಿಸ್ಟರಲ್ಲಿ ಅದು "ಹೆಸರು ಗೊತ್ತಿಲ್ಲದ ಜಮೆ" ಅನ್ನೋ ಸಾಲಲ್ಲಿ ಕೂತಿತ್ತು. ಅವರು ಜಗಳ ಮಾಡ್ಲಿಲ್ಲ, ರಸೀದಿಯ ಫೋಟೋ ಕಳಿಸಿದ್ರು ಅಷ್ಟೇ. ಅದಾದ್ಮೇಲೆ ಅವರು ನಮಗೆ ಕಾಗದ ಬರೆದಿಲ್ಲ.

ಹಾಗಾಗಿ ಬರೆಯೋಕೆ ಮುಂಚೆ ಮೂರು ಕಡೆ ನೋಡಿ. ಮೊದಲನೇದು ಅವರು ತುಂಬಿಕೊಟ್ಟ ಫಾರ್ಮ್, ನಿಮ್ಮ ನೆನಪಲ್ಲ, ಕಂಪ್ಯೂಟರಲ್ಲಿ ಯಾರೋ ಹೊಡೆದಿಟ್ಟ ಮೊತ್ತನೂ ಅಲ್ಲ, ಆ ಕಾಗದವನ್ನೇ ತೆಗೆದು ನೋಡಿ. ಎಷ್ಟು, ಎಷ್ಟು ಕಂತು, ಯಾವಾಗಿಂದ, ಯಾವ ಕೆಲಸಕ್ಕೆ ಅಂತ. "ಆದಷ್ಟು ಕೊಡ್ತೀನಿ, ಸುಮಾರು ಇಷ್ಟು" ಅಂತ ಬರೆದಿದ್ದನ್ನ ಆಫೀಸಲ್ಲಿ ಯಾರೋ ಪೂರ್ತಿ ಮೊತ್ತ ಅಂತ ಏರಿಸಿರ್ತಾರೆ, ಆಗ ಅಲ್ಲಿ ಬಾಕಿ ಅನ್ನೋದೇ ಇರಲ್ಲ. ಎರಡನೇದು ಬ್ಯಾಂಕ್ ಸ್ಟೇಟ್‌ಮೆಂಟ್. ಕಂತು ನಿಂತ ತಿಂಗಳಿಂದ ಇವತ್ತಿನವರೆಗೆ ಹೆಸರು ಹೊಂದದ ಜಮೆಗಳನ್ನೆಲ್ಲ ಒಂದ್ಸಲ ಕಣ್ಣಾಡಿಸಿ, ಅದೇ ಮೊತ್ತ, ಅದರ ಎರಡರಷ್ಟು, ಮೂರರಷ್ಟು ಮೊತ್ತ ಬೇರೆ ಹೆಸರಲ್ಲಿ ಬಂದಿದ್ಯಾ ನೋಡಿ. ಮನೆಯವರ ಖಾತೆ, ಅವರ ಕಂಪನಿ ಖಾತೆ, ಅಥವಾ ನಿಮ್ಮದೇ ಇನ್ನೊಂದು ಯೋಜನೆಯ ಲೆಕ್ಕಕ್ಕೆ ಹೋಗಿ ಸೇರಿರೋದು, ಇವು ಮೂರೂ ಮಾಮೂಲಿ.

ಮೂರನೇದು ಆಟೋ ಡೆಬಿಟ್ ದಾಖಲೆ. ದಾನಿ ಮನಸ್ಸು ಬದಲಾಯಿಸದೇ ಇದ್ರೂ ದುಡ್ಡು ನಿಲ್ಲತ್ತೆ: ಕಾರ್ಡ್ ಅವಧಿ ಮುಗಿದಿರತ್ತೆ, ಬ್ಯಾಂಕ್ ಬದಲಾಯಿಸಿರ್ತಾರೆ, ಅವರು ಕೊಟ್ಟ ಅನುಮತಿಗೇ ಒಂದು ಕೊನೇ ದಿನ ಇರತ್ತೆ. ಡೆಬಿಟ್ ಫೇಲ್ ಆಗಿದೆ ಅನ್ನೋ ಮೇಲ್ ಎಷ್ಟೋ ಸಲ ಯಾರೂ ತೆಗೆಯದ ಹಳೇ ಇನ್‌ಬಾಕ್ಸಿಗೆ ಬಂದು ಬಿದ್ದಿರತ್ತೆ. ಆ ಸುದ್ದಿಯೇ ಗೊತ್ತಿಲ್ಲದ ದಾನಿಗೆ "ನೀವು ಕಳಿಸಿಲ್ಲ" ಅಂದ್ರೆ ಹೇಗಿರತ್ತೆ ಯೋಚ್ನೆ ಮಾಡಿ.

ಇದೆಲ್ಲ ಆದ್ಮೇಲೆ ಹಳೇ ಪತ್ರವ್ಯವಹಾರನೂ ಒಂದ್ಸಲ ನೋಡ್ಬಿಡಿ, ಅವರು ಫೋನಲ್ಲಿ ಬೇರೆ ಯಾರ ಹತ್ರನೋ "ಸ್ವಲ್ಪ ದಿನ ಬೇಡ" ಅಂದಿದ್ರೆ, ಅಥವಾ ಮನೇಲಿ ಸಾವು, ಆಸ್ಪತ್ರೆ ಏನಾದ್ರೂ ಆಗಿದೆ ಅಂತ ಗೊತ್ತಾದ್ರೆ ಈ ಕಾಗದವನ್ನ ಪಕ್ಕಕ್ಕಿಡಿ. ಆಗ ದುಡ್ಡಿನ ಪ್ರಸ್ತಾಪ ಇಲ್ಲದ ನಾಲ್ಕು ಸಾಲು ಸಾಕು.

ಯಾವಾಗ, ಯಾರು, ಯಾವ ದಾರೀಲಿ

ಒಂದು ಕಂತು ತಪ್ಪಿದ ಕೂಡ್ಲೇ ಬರೀಬೇಡಿ. ಎರಡು ಕಂತಿನ ದಿನ ದಾಟಿ ಮೇಲೆ ಒಂದೆರಡು ವಾರ ಆದ್ಮೇಲೆ ಬರೆದ್ರೆ ಸರಿಹೋಗತ್ತೆ ಅನ್ನೋದು ನನ್ನ ಅನುಭವ, ಅಷ್ಟೊತ್ತಿಗೆ ತಡವಾಗಿ ಬರೋದೆಲ್ಲ ಬಂದಿರತ್ತೆ. ಆಟೋ ಡೆಬಿಟ್ ಫೇಲ್ ಆಗಿದ್ರೆ ಮಾತ್ರ ಕಾಯ್ಬೇಡಿ, ಅದು ಮಾಹಿತಿ ಅಷ್ಟೇ, ಅದೇ ವಾರ ತಿಳಿಸಿಬಿಡಿ. ಹಾಗಂತ ಆರು ತಿಂಗಳು ಸುಮ್ನಿದ್ದು ವರ್ಷದ ಲೆಕ್ಕ ಮುಗಿಸೋ ವಾರದಲ್ಲಿ ಬರೆದ್ರೂ ಕಷ್ಟ, ನಿಮ್ಮ ಪುಸ್ತಕ ಸರಿಮಾಡ್ಕೊಳ್ಳೋಕೆ ಬರೆದಿದೀರಿ ಅಂತ ಓದೋರಿಗೆ ಗೊತ್ತಾಗಿಬಿಡತ್ತೆ.

ಅವರಿಗೆ ಪರಿಚಯ ಇರೋರ ಹೆಸರಲ್ಲೇ ಕಾಗದ ಹೋಗ್ಲಿ. ಫಾರ್ಮ್ ತುಂಬಿಸಿದೋರು, ಕೆಲಸ ತೋರಿಸಿದೋರು ಯಾರೋ ಅವರು. ಲೆಕ್ಕಪತ್ರ ವಿಭಾಗದ ಸಹಿ ಬಂದ್ರೆ ಒಳಗೆ ಎಷ್ಟೇ ಮೆತ್ತಗೆ ಬರೆದಿದ್ರೂ ಬಿಲ್ ಥರಾನೇ ಕಾಣೋದು. ಅವರ ವೈಯಕ್ತಿಕ ಮೇಲ್‌ಗೆ ಅಥವಾ ಮುಚ್ಚಿದ ಕವರಲ್ಲಿ ಕಳಿಸಿ, ಕವರ್ ಮೇಲೆ "ಜ್ಞಾಪನೆ" ಅಂತ ಬರೀಬೇಡಿ, ಗ್ರೂಪಲ್ಲಿ ಹಾಕೋದಂತೂ ಬೇಡವೇ ಬೇಡ. ಕೊಟ್ಟವರ ಪಟ್ಟಿ ಗ್ರೂಪಲ್ಲಿ ಹಾಕಿದ್ರೆ ಯಾರು ಕೊಟ್ಟಿಲ್ಲ ಅನ್ನೋದನ್ನೂ ನೀವು ಹಾಕಿದ ಹಾಗೇ ಆಯ್ತು.

ನಮ್ಮ ಮಾತುಗಳಲ್ಲೇ ಇರೋ ಒತ್ತಡ

ಕನ್ನಡದಲ್ಲಿ ಈ ಕಾಗದ ಬರೆಯೋವಾಗ ಕೆಲವು ಪದ ನೋಡಿ ಬಳಸ್ಬೇಕು. "ಬಾಕಿ" ಅಂದ ಕೂಡ್ಲೇ ಸಾಲದ ಪುಸ್ತಕ ನೆನಪಾಗತ್ತೆ. "ಕೊಟ್ಟ ಮಾತು", "ವಾಗ್ದಾನ" ಅನ್ನೋದು ಕೇಳೋಕೆ ದೊಡ್ಡದಾಗಿದೆ, ಆದ್ರೆ ಅದರ ಹಿಂದೇನೇ "ಮಾತಿಗೆ ತಪ್ಪಿದೋರು" ಅನ್ನೋ ನೆರಳು ನಿಂತಿರತ್ತೆ, ಓದೋರಿಗೆ ಅದು ತಟ್ಟಂತ ಹೊಳೆಯತ್ತೆ. ಅದರ ಬದಲು "ನೀವು ಮಾಡ್ತೀನಿ ಅಂದಿದ್ದ ಸಹಾಯ" ಅಂದ್ರೆ ಸಾಕು.

ವಾಕ್ಯದ ಕರ್ತೃ ಯಾರು ಅನ್ನೋದೂ ಮುಖ್ಯ. "ನೀವು ಆರು ಕಂತು ಕಳಿಸಿಲ್ಲ" ಅಂತ ಬರೆದ್ರೆ ತಪ್ಪು ಅವರದ್ದು. "ನಮಗೆ ಈವರೆಗೆ ಆರು ಕಂತು ತಲುಪಿದೆ" ಅಂದ್ರೆ ಅದೇ ವಿಷಯ, ಆದ್ರೆ ಮಾತು ತಲುಪಿದ್ದರ ಬಗ್ಗೆ ಇರತ್ತೆ. ಹನ್ನೆರಡರಲ್ಲಿ ಆರು ಕಳೆದ್ರೆ ಎಷ್ಟು ಅಂತ ಅವರಿಗೆ ಲೆಕ್ಕ ಬರತ್ತೆ, ನೀವು ಕಳೆದು ದಪ್ಪ ಅಕ್ಷರದಲ್ಲಿ ಬರೀಬೇಕಾಗಿಲ್ಲ.

ಇನ್ನೊಂದು, "ನೀವು ಮರೆತಿರಬಹುದು" ಅಂತ ಬರೀಬೇಡಿ. ಬರೆಯೋರು ಸೌಜನ್ಯಕ್ಕೇ ಬರೆದಿರ್ತಾರೆ, ಆದ್ರೆ ಕೆಲಸ ಕಳ್ಕೊಂಡು ರಾತ್ರಿ ನಿದ್ದೆ ಇಲ್ಲದೆ ಇದನ್ನೇ ನೆನೆಸಿಕೊಳ್ತಿರೋರಿಗೆ ಅದು ಚುಚ್ಚತ್ತೆ. "ನಿಮಗೆ ಕಷ್ಟ ಇರಬಹುದು" ಅನ್ನೋದೂ ಅಷ್ಟೇ, ಅನುಕೂಲವಾಗೇ ಇರೋರಿಗೆ ಅವಮಾನ ಅನ್ಸತ್ತೆ. ಅವರ ಪರವಾಗಿ ಕಾರಣ ನೀವು ಹುಡುಕಬೇಡಿ, ಕಾರಣ ಕೇಳಲೂ ಬೇಡಿ. ಕೊನೇಲಿ ಎಲ್ಲರೂ ರೂಢಿಯಿಂದ ಹಾಕೋ "ಮುಂಗಡ ಧನ್ಯವಾದಗಳು" ಕೂಡ ತೆಗೆದುಹಾಕಿ, ಕೊಟ್ಟೇ ಕೊಡ್ತೀರಿ ಅಂತ ನೀವೇ ತೀರ್ಮಾನ ಮಾಡಿದ ಹಾಗೆ ಅದು.

ಮತ್ತೆ ಆ "ಆದರೆ". "ನಿಮ್ಮ ಸಹಾಯಕ್ಕೆ ತುಂಬಾ ಧನ್ಯವಾದ, ಆದರೆ..." ಅಂತ ಬರೆದ್ರೆ ಮೊದಲರ್ಧ ಅಳಿಸಿಹೋಯ್ತು ಅಂತಾನೇ ಲೆಕ್ಕ. ಧನ್ಯವಾದ ಹೇಳೋ ಪ್ಯಾರಾ ಅಲ್ಲಿಗೇ ಮುಗೀಲಿ, ಲೆಕ್ಕದ ವಿಷಯ ಬೇರೆ ಪ್ಯಾರಾದಲ್ಲಿ "ಆದರೆ" ಇಲ್ಲದೆ ಶುರುವಾಗ್ಲಿ.

ಒಂದು ಕಾಗದ ಬರೆದು ನೋಡೋಣ

ಒಂದು ಉದಾಹರಣೆ ಇಟ್ಕೊಳ್ಳೋಣ. ಮಕ್ಕಳ ಓದುಕೋಣೆ ಸಂಜೆ ಹೊತ್ತೂ ತೆರೆದಿರಲಿ ಅಂತ ಒಬ್ಬ ಮೇಡಂ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 5,000ದಂತೆ ಒಟ್ಟು 60,000 ಕೊಡ್ತೀನಿ ಅಂದಿದ್ರು. ರಿಜಿಸ್ಟರ್ ಪ್ರಕಾರ ಮೇವರೆಗೆ ಐದು ಕಂತು ಬಂದಿದೆ, ಜೂನ್, ಜುಲೈ, ಆಗಸ್ಟ್ ಖಾಲಿ. ಸೆಪ್ಟೆಂಬರ್ ಮೊದಲ ವಾರ ಬರೆಯೋಣ ಅಂತ ಕೂತು ಮೇಲೆ ಹೇಳಿದ ಹಾಗೆ ಹುಡುಕಿದಾಗ ಎರಡು ವಿಷಯ ಸಿಗತ್ತೆ: ಜೂನ್ ಡೆಬಿಟ್ ಫೇಲ್ ಆಗಿದ್ದು ಕಾರ್ಡ್ ಅವಧಿ ಮುಗಿದು, ಆ ಮೇಲ್ ಸಂಸ್ಥೆಯ ಹಳೇ ವಿಳಾಸಕ್ಕೆ ಬಂದಿತ್ತು. ಮತ್ತೆ ಜುಲೈ 9ಕ್ಕೆ ಬೇರೆ ಹೆಸರಿನ ಖಾತೆಯಿಂದ 5,000 ಜಮೆ ಆಗಿದೆ, ಅದು ಅವರದ್ದೇ ಇರೋ ಸಾಧ್ಯತೆ ಇದೆ.

ಇಲ್ಲೊಂದು ಸೂಕ್ಷ್ಮ ಇದೆ. ಆ ಬೇರೆ ಖಾತೆಯ ಹೆಸರನ್ನ ಕಾಗದದಲ್ಲಿ ಬರೀಬೇಡಿ. ಅದು ಅವರ ಮನೆಯವರದ್ದಲ್ಲದೆ ಇನ್ನೊಬ್ಬ ದಾನಿಯದ್ದಾಗಿದ್ರೆ ಅವರ ವಿಷಯ ಇವರಿಗೆ ಹೇಳಿದ ಹಾಗಾಗತ್ತೆ. ದಿನಾಂಕ ಮತ್ತೆ ಮೊತ್ತ ಹೇಳಿದ್ರೆ ಸಾಕು, ತಮ್ಮದಾಗಿದ್ರೆ ಗುರುತಿಸ್ತಾರೆ.

ಮೊದಲು ಕೈಗೆ ಬರೋ ಡ್ರಾಫ್ಟ್ ಸಾಮಾನ್ಯವಾಗಿ ಹೀಗಿರತ್ತೆ:

> ಮಾನ್ಯರೇ, ತಾವು ನೀಡಿದ ವಾಗ್ದಾನದಂತೆ ರೂಪಿಸಿದ ಕಂತುಗಳಲ್ಲಿ ಮೂರು ಕಂತು ಬಾಕಿ ಉಳಿದಿರುತ್ತದೆ. ತಾವು ಮರೆತಿರಬಹುದೆಂದು ಭಾವಿಸಿ ಈ ಮೂಲಕ ನೆನಪಿಸುತ್ತಿದ್ದೇವೆ. ತಮ್ಮ ಸಹಾಯವನ್ನೇ ನಂಬಿರುವ ಮಕ್ಕಳ ಹಿತದೃಷ್ಟಿಯಿಂದ ಕೂಡಲೇ ಪಾವತಿಸಬೇಕಾಗಿ ವಿನಂತಿ. ಮುಂಗಡ ಧನ್ಯವಾದಗಳು.

ಮಕ್ಕಳನ್ನ ಮುಂದಿಟ್ಟುಕೊಂಡು ಕೇಳೋದು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಅವರು ಪ್ರೀತಿಯಿಂದ ಶುರುಮಾಡಿದ್ದನ್ನೇ ತಿರುಗಿಸಿ ಅವರ ಮೇಲೆ ಹೊರೆ ಹಾಕಿದಂಗೆ. ಮೇಲಾಗಿ ಲೆಕ್ಕನೂ ತಪ್ಪು, ಒಂದು ಕಂತು ಬಂದಿದೆಯಲ್ಲ.

ಈಗ ನಾನು ಬರೆಯೋ ರೀತಿ ನೋಡಿ. ಮೇಲ್ ಆದ್ರೆ ವಿಷಯದ ಸಾಲಲ್ಲಿ "ಓದುಕೋಣೆಗೆ ನಿಮ್ಮ ಸಹಾಯ, ಕಂತುಗಳ ಬಗ್ಗೆ" ಅಂತ ಇರ್ಲಿ. ವಿಷಯ ಮುಚ್ಚಿಟ್ಟು ಬರೀ "ಧನ್ಯವಾದ" ಅಂತ ಹಾಕಿ ಒಳಗೆ ದುಡ್ಡಿನ ಮಾತು ತಂದ್ರೆ ಮುಂದಿನ ಸಲ ನಿಮ್ಮ ನಿಜವಾದ ಧನ್ಯವಾದವನ್ನೂ ಅವರು ಅನುಮಾನದಿಂದಲೇ ತೆಗೀತಾರೆ.

> ನಮಸ್ಕಾರ ಮೇಡಂ,
>
> ಓದುಕೋಣೆ ಈ ವರ್ಷ ಸಂಜೆ 5ರಿಂದ 8ರವರೆಗೆ ತೆರೆದಿರೋದಕ್ಕೆ ನಿಮ್ಮ ಸಹಾಯ ಕಾರಣ. ಸಂಜೆ ಹೊತ್ತು ಅಲ್ಲಿ ಕೂತು ನೋಡಿಕೊಳ್ಳುವವರ ಸಂಬಳ, ದೀಪದ ಖರ್ಚು ಎರಡೂ ನೀವು ಕಳಿಸಿದ ದುಡ್ಡಿನಿಂದ ನಡೆದಿದೆ. ಪರೀಕ್ಷೆ ಮುಗಿದ ಮೇಲೂ ಮಕ್ಕಳು ಬರೋದು ನಿಲ್ಲಿಸಲಿಲ್ಲ, ಕತೆ ಪುಸ್ತಕಗಳನ್ನು ಕಪಾಟಿನ ಕೆಳಗಿನ ಸಾಲಿಗೆ ಇಳಿಸಬೇಕಾಯಿತು, ಚಿಕ್ಕವರಿಗೆ ಕೈಗೆಟುಕಲಿ ಅಂತ. ನಿಮಗೆ ಮನಸಾರೆ ಧನ್ಯವಾದ.
>
> ನೀವು ಜನವರಿಯಲ್ಲಿ ಹನ್ನೆರಡು ಕಂತಿನಲ್ಲಿ ಸಹಾಯ ಮಾಡುವುದಾಗಿ ಬರೆದುಕೊಟ್ಟಿದ್ದಿರಿ. ನಮ್ಮ ಲೆಕ್ಕದಲ್ಲಿ ಮೇವರೆಗಿನ ಐದು ಕಂತು ತಲುಪಿದೆ. ಜುಲೈ 9ಕ್ಕೆ ಬಂದ ಇನ್ನೊಂದು 5,000 ನಿಮ್ಮದೇ ಇರಬಹುದು ಅಂದುಕೊಂಡಿದ್ದೇವೆ, ಹೌದಾದರೆ ತಿಳಿಸಿ, ರಸೀದಿ ಕಳಿಸುತ್ತೇವೆ. ಜೂನ್‌ನಲ್ಲಿ ಕಾರ್ಡ್ ಅವಧಿ ಮುಗಿದು ಆಟೋ ಡೆಬಿಟ್ ಆಗಿಲ್ಲ ಅನ್ನುವ ಸೂಚನೆ ನಮಗೆ ಬಂದಿತ್ತು, ಅದನ್ನು ಆಗಲೇ ನಿಮಗೆ ತಿಳಿಸದೇ ಇದ್ದದ್ದು ನಮ್ಮ ತಪ್ಪು, ಕ್ಷಮಿಸಿ.
>
> ಮುಂದೆ ಹೇಗೆ ಅನ್ನುವುದು ಪೂರ್ತಿ ನಿಮ್ಮ ಇಷ್ಟ. ಮೊದಲಿನಂತೆ ಮುಂದುವರಿಸಬಹುದು, ಮೊತ್ತ ಅಥವಾ ದಿನ ಬದಲಾಯಿಸಬಹುದು, ಇಲ್ಲಿಗೆ ಸಾಕು ಅಂದರೂ ಸಾಕು. "ಮುಂದುವರಿಸಿ", "ಬದಲಾಯಿಸಿ", "ಸಾಕು" ಈ ಮೂರರಲ್ಲಿ ಒಂದು ಪದ ಬರೆದು ಕಳಿಸಿದರೆ ಉಳಿದದ್ದು ನಾವು ನೋಡಿಕೊಳ್ಳುತ್ತೇವೆ, ಕಾರಣ ಹೇಳಬೇಕಾಗಿಲ್ಲ. ಸಾಕು ಅಂದರೂ ಓದುಕೋಣೆಯ ಸುದ್ದಿ ನಿಮಗೆ ಮೊದಲಿನ ಹಾಗೇ ಬರುತ್ತದೆ, ಬೇಡ ಅನಿಸಿದರೆ ಅದನ್ನೂ ಹೇಳಿ.
>
> ವಂದನೆಗಳೊಂದಿಗೆ,
> (ಹೆಸರು, ನೇರ ಫೋನ್ ನಂಬರ್)

ಮೊದಲ ಪ್ಯಾರಾದಲ್ಲಿ ಕಪಾಟಿನ ವಿಷಯ ಯಾಕೆ ಬಂತು ಅಂದ್ರೆ, ಇವರಿಗಾಗೇ ಬರೆದಿದ್ದು ಅಂತ ಗೊತ್ತಾಗೋದು ಅಂಥ ಒಂದು ಸಾಲಿಂದ. "ನಿಮ್ಮ ಉದಾರ ಸಹಾಯ ಅನೇಕರ ಬಾಳು ಬೆಳಗಿದೆ" ಅಂತ ಎಲ್ಲರಿಗೂ ಬರೀಬಹುದು, ಹಾಗಾಗಿ ಅದು ಯಾರಿಗೂ ಬರೆದಿದ್ದಲ್ಲ. ಆದ್ರೆ ಆ ಸಾಲು ನಿಜವಾಗಿ ನಡೆದದ್ದೇ ಆಗಿರ್ಬೇಕು, ಕೆಲಸದ ಜಾಗಕ್ಕೆ ಫೋನ್ ಮಾಡಿ ಕೇಳಿ, ಕೂತಲ್ಲೇ ಕಟ್ಟಬೇಡಿ. ಮತ್ತೆ ಅವರ ದುಡ್ಡಲ್ಲಿ ಆದದ್ದನ್ನ ಮಾತ್ರ ಹೇಳಿ, ನಿಂತುಹೋದದ್ದರಿಂದ ಏನು ಆಗ್ಲಿಲ್ಲ ಅನ್ನೋದು ಬೇಡ.

ದುಡ್ಡು ಕಳಿಸೋ ಲಿಂಕ್ ಇದರಲ್ಲಿ ಇಲ್ಲ, ಗಮನಿಸಿರ್ತೀರಿ. ಲಿಂಕ್ ಇದ್ರೆ ಮೂರು ದಾರಿ ಅಂತ ಹೇಳಿ ಒಂದಕ್ಕೆ ಮಾತ್ರ ಬಾಗಿಲು ತೆರೆದಿಟ್ಟ ಹಾಗಾಗತ್ತೆ. "ಮುಂದುವರಿಸಿ" ಅಂದವರಿಗೆ ಆಮೇಲೆ ಕಳಿಸಿದ್ರಾಯ್ತು. ಲಿಂಕ್ ಇಲ್ಲದಿದ್ರೆ ಸ್ವಲ್ಪ ದುಡ್ಡು ತಡ ಆಗತ್ತೆ ಅಂತ ನಮ್ಮಲ್ಲೂ ವಾದ ಆಗಿದೆ, ಆಗ್ಲಿ, ನಾನು ಇದನ್ನ ಬಿಟ್ಟುಕೊಡಲ್ಲ. ಹಾಗೇ ಹೊಸ ಯೋಜನೆಯ ಕರಪತ್ರ, ಕಾರ್ಯಕ್ರಮದ ಆಮಂತ್ರಣ ಇದರ ಜೊತೆ ಸೇರಿಸ್ಬೇಡಿ.

"ಸಾಕು" ಅನ್ನೋ ದಾರಿ ಬರೆಯೋಕೆ ಮುಂಚೆ ನಿಮ್ಮ ಖಜಾಂಚಿ ಹತ್ರ ಮಾತಾಡಿರಿ. ಆ ಉಳಿದ ಮೊತ್ತವನ್ನ ಬರೋ ಹಣ ಅಂತ ಬಜೆಟ್‌ಗೆ ಸೇರಿಸಿಟ್ಟಿದ್ರೆ, ಅದು ಬರದೇ ಹೋದ್ರೂ ಓದುಕೋಣೆ ನಡೆಯೋ ದಾರಿ ಮೊದಲೇ ಇರ್ಬೇಕು. ಇಲ್ಲದಿದ್ರೆ ದಾನಿ "ಸಾಕು" ಅಂದ ಮಾರನೇ ದಿನ ನಿಮ್ಮಲ್ಲೇ ಯಾರೋ ಫೋನ್ ಮಾಡಿ "ಒಂದೆರಡಾದ್ರೂ ನೋಡಿ ಮೇಡಂ" ಅಂತಾರೆ, ಆವಾಗ ಕಾಗದದಲ್ಲಿ ಬರೆದದ್ದೆಲ್ಲ ಸುಳ್ಳಾಗತ್ತೆ.

ಕಳಿಸೋಕೆ ಮುಂಚೆ ಆಫೀಸಿನ ಹೊರಗಿನ ಒಬ್ಬರಿಗೆ ಕೊಟ್ಟು ಜೋರಾಗಿ ಓದಿಸಿ. ಓದ್ತಾ ಓದ್ತಾ ಅವರ ದನಿ ಎಲ್ಲಿ ಅಧಿಕಾರಿಯ ದನಿ ಆಗತ್ತೋ ಆ ಸಾಲನ್ನ ತಿದ್ದಿ.

ಉತ್ತರ ಬಂದ್ರೆ, ಬರದಿದ್ರೆ

ನಮ್ಮ ಉದಾಹರಣೆಯ ಮೇಡಂ ಹೀಗೆ ಬರೀತಾರೆ ಅಂದ್ಕೊಳ್ಳಿ: "ಜುಲೈದು ನಮ್ಮ ಯಜಮಾನ್ರು ಹಾಕಿದ್ದು. ಈ ವರ್ಷ ಪೂರ್ತಿ ಆಗಲ್ಲ, ಡಿಸೆಂಬರ್‌ಲ್ಲಿ 10,000 ಕೊಡ್ತೀನಿ." ಅದೇ ದಿನ ಅಥವಾ ಮಾರನೇ ದಿನ ಉತ್ತರ ಕೊಡಿ, ತಡ ಮಾಡಿದ್ರೆ ಬೇಜಾರಾಗಿದೀರಿ ಅಂತ ಅರ್ಥ ಹೋಗತ್ತೆ. ಎರಡೇ ಸಾಲು ಸಾಕು, "ತುಂಬಾ ಸಂತೋಷ ಮೇಡಂ, ಹಾಗೇ ಬರ್ಕೊಂಡಿದೀವಿ, ಜುಲೈ ರಸೀದಿ ಜೊತೆಗಿದೆ" ಅಂತ. ರಸೀದಿ ಕೈಗೆ ಬಂದ ದುಡ್ಡಿಗೆ ಮಾತ್ರ, ಡಿಸೆಂಬರಿನದ್ದಕ್ಕೆ ಈಗಲೇ ಅಲ್ಲ. ಮತ್ತೆ ಯಾರ ಖಾತೆಯಿಂದ ಬಂತೋ ಅವರ ಹೆಸರಲ್ಲೇ ರಸೀದಿ ಹೋಗ್ಬೇಕಾ ಅಂತ ನಿಮ್ಮ ಲೆಕ್ಕಪರಿಶೋಧಕರನ್ನ ಕೇಳ್ಕೊಳ್ಳಿ, ತೆರಿಗೆ ವಿಷಯ ಒಂದೊಂದು ದೇಶದಲ್ಲಿ ಒಂದೊಂದು ಥರ.

ರಿಜಿಸ್ಟರಲ್ಲಿ ಒಟ್ಟು ಮೊತ್ತವನ್ನ 60,000ದಿಂದ 40,000ಕ್ಕೆ ಬದಲಾಯಿಸಿ, ಬಂದದ್ದು 30,000, ಬರೋದು 10,000. ಹಳೇ ಮೊತ್ತ ಅಳಿಸ್ಬೇಡಿ, ದಾನಿ ಈ ದಿನ ಬದಲಾಯಿಸಿದ್ರು ಅಂತ ಪಕ್ಕದಲ್ಲಿ ದಿನಾಂಕ ಹಾಕಿ ಟಿಪ್ಪಣಿ ಬರೀರಿ. ಈ ಕೆಲಸ ಮಾಡದೆ ಬಿಟ್ರೆ ಕಂಪ್ಯೂಟರ್ ಪಾಡಿಗೆ ಇನ್ನೂ 30,000 ಬರ್ಬೇಕು ಅಂತ ತೋರಿಸ್ತಿರತ್ತೆ, ಹೊಸದಾಗಿ ಸೇರಿದ ಹುಡುಗ ಅದನ್ನ ನೋಡಿ ಪಾಪ ಇನ್ನೊಂದು ನೆನಪಿನ ಕಾಗದ ಕಳಿಸ್ತಾನೆ. ಆಟೋ ಮೆಸೇಜ್ ಇದ್ರೆ ಅದನ್ನೂ ಆ ಹೆಸರಿಗೆ ನಿಲ್ಲಿಸಿ.

ಉತ್ತರ ಬರದಿದ್ರೆ ಐದಾರು ವಾರ ಬಿಟ್ಟು ಇನ್ನೊಂದೇ ಒಂದು ಕಾಗದ, ಮೊದಲನೇದಕ್ಕಿಂತ ಚಿಕ್ಕದು. ಬಹಳ ಜನ ಎರಡನೇದನ್ನ ಗಟ್ಟಿ ಮಾಡ್ತಾರೆ, ನಾನು ಇನ್ನೂ ಸಡಿಲ ಮಾಡ್ತೀನಿ:

> ನಮಸ್ಕಾರ ಮೇಡಂ, ಸೆಪ್ಟೆಂಬರಲ್ಲಿ ಬರೆದ ಕಾಗದ ನಿಮಗೆ ತಲುಪಿತೋ ಇಲ್ಲವೋ ಗೊತ್ತಾಗಲಿಲ್ಲ. ಈ ತಿಂಗಳ ಕೊನೆಗೆ ನಿಮ್ಮ ಕಂತುಗಳ ಪುಟವನ್ನು ಈವರೆಗೆ ಬಂದದ್ದಕ್ಕೇ ಪೂರ್ತಿ ಆಯಿತು ಅಂತ ಮುಗಿಸುತ್ತೇವೆ, ನೀವು ಏನೂ ಮಾಡಬೇಕಾಗಿಲ್ಲ. ಮುಂದುವರಿಸುವ ಇಷ್ಟ ಇದ್ದರೆ ಯಾವಾಗ ಬೇಕಾದರೂ ಹೇಳಿ. ಈವರೆಗೆ ಮಾಡಿದ್ದಕ್ಕೆ ಧನ್ಯವಾದ.

ಇಲ್ಲಿ ದಿನ ಹಾಕಿರೋದು ನಮ್ಮ ಕೆಲಸಕ್ಕೆ, ಅವರಿಗೆ ಗಡುವಲ್ಲ, ಸುಮ್ನಿದ್ರೂ ವಿಷಯ ಗೌರವವಾಗಿ ಮುಗಿಯತ್ತೆ. ಹೇಳಿದ ದಿನಕ್ಕೆ ಮುಗಿಸಿ. ಆಮೇಲೆ ಫೋನ್ ಮಾಡ್ಬೇಕಾ ಅಂತ ಕೇಳ್ತಾರೆ, ಅವರ ಜೊತೆ ಮೊದಲಿಂದ ಫೋನಲ್ಲಿ ಮಾತಾಡೋ ಬಳಕೆ ಇದ್ರೆ ಕ್ಷೇಮ ವಿಚಾರಿಸಿ, ದುಡ್ಡಿನ ಮಾತು ಅವರೇ ಎತ್ತಿದ್ರೆ ಮಾತ್ರ ಮಾತಾಡಿ. ಬಳಕೆ ಇಲ್ಲದಿದ್ರೆ ಬೇಡ.

ಪುಟ ಮುಗಿಸಿದ ಮೇಲೆ ಅವರ ಹೆಸರಿನ ಮುಂದೆ "ಕೊಡಲಿಲ್ಲ" ಅಂತ ಯಾವ ಗುರುತೂ ಹಾಕ್ಬೇಡಿ, ಎಷ್ಟು ಕೊಟ್ರು ಅನ್ನೋದು ಇದ್ರೆ ಸಾಕು. ದೇಣಿಗೆ ಕೇಳೋ ಪಟ್ಟಿಯಿಂದ ಮುಂದಿನ ಆರು ತಿಂಗಳು ಹೆಸರು ತೆಗೆದಿಡಿ, ಓದುಕೋಣೆಯ ಸುದ್ದಿ ಕಳಿಸೋ ಪಟ್ಟಿಯಲ್ಲಿ ಮಾತ್ರ, ಅವರು ಬೇಡ ಅನ್ನದಿದ್ರೆ, ಹಾಗೇ ಇರ್ಲಿ. ವರ್ಷದ ಕೊನೇಲಿ ಪೂರ್ತಿ ಕೊಟ್ಟವರಿಗೆ ಹೋಗೋ ಧನ್ಯವಾದದ ಕಾಗದ, ಮಕ್ಕಳು ಬರೆದ ಚಿತ್ರದ ಜೊತೆ, ಇವರಿಗೂ ಹೋಗ್ಲಿ.